ಬುಷ್ ಎತ್ತಿ ಹಿಡಿದುಕೊಂಡೇ...

ನಮ್ಮ ಸುಬ್ರಹ್ಮಣ್ಯಪುರದ ಕಡೆ ಕೆಲವು ಹೆಣ್ಣುಮಕ್ಕಳು ಸೇರಿ ಒಂದು ವಿಡಿಯೊ ಮಾಡಿದ್ದರು. ಗ್ಯಾಸ್ ಸಿಲಿಂಡರ್ ಬದಲಿಸುವುದು ಹೇಗೆ ಅನ್ನುವುದು ವಿಷಯ. ಎರಡು ನಿಮಿಷ ನಲವತ್ತು ಸೆಕೆಂಡಿನ ಚಿತ್ರದಲ್ಲಿ ಒಂದೇ ಒಂದು ಮಾತಿಲ್ಲ. ಈ ಭಾಗದ ಬಾಡಿಗೆ ಮನೆಗಳಲ್ಲಿ ತಮಿಳು, ತೆಲುಗು, ಹಿಂದಿ, ಬಂಗಾಳಿ ಎಲ್ಲವೂ ಕೇಳಿಸುತ್ತವೆ. ಯಾವ ಭಾಷೆ ಇಟ್ಟರೂ ಇನ್ನೊಬ್ಬರಿಗೆ ತಿಳಿಯದು, ಅದಕ್ಕೇ ಕೈ ಮಾಡಿದ್ದನ್ನು ಮಾತ್ರ ತೋರಿಸೋಣ ಅಂತ ಅವರು ತೀರ್ಮಾನಿಸಿದ್ದರು. ಹಿನ್ನೆಲೆಗೆ ಕೊಳಲಿನ ಸಂಗೀತ ಹಾಕಿದ್ದರು. ಕಣ್ಣಿರುವವರ ಪಾಲಿಗೆ ಅದು ಒಳ್ಳೆಯ ವಿಡಿಯೊ. ಕಣ್ಣು ಕಾಣದವರ ಪಾಲಿಗೆ ಅದು ಎರಡು ನಿಮಿಷ ನಲವತ್ತು ಸೆಕೆಂಡು ಕೊಳಲು.

ಇಲ್ಲಿಗೆ ಹತ್ತಿರದ ಜೆ.ಪಿ. ನಗರ ಮೂರನೇ ಹಂತದಲ್ಲಿ 1969ರಲ್ಲಿ ಶುರುವಾದ ಶ್ರೀ ರಮಣ ಮಹರ್ಷಿ ಅಂಧರ ಅಕಾಡೆಮಿ ಇದೆ. ಹಾಗಾಗಿ ದಕ್ಷಿಣ ಬೆಂಗಳೂರಿನ ಈ ಮಗ್ಗುಲಲ್ಲಿ ಬಿಳಿ ಕೋಲು ಹಿಡಿದು ಬಸ್ ಹತ್ತುವವರು ಅಪರೂಪವೇನಲ್ಲ. ಅವರಲ್ಲಿ ಸ್ವಂತ ಸಂಸಾರ ಮಾಡಿಕೊಂಡು ದಿನವೂ ಒಲೆ ಹಚ್ಚುವವರೂ ಇದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಂ ವಿದ್ಯುನ್ಮಾನ ಮಾಧ್ಯಮಕ್ಕೆ ಶ್ರವಣ ವಿವರಣೆ ಇರಬೇಕು ಎನ್ನುತ್ತದೆ. ಬಡಾವಣೆಯ ವಿಡಿಯೊಗೆ ಯಾರೂ ಕಾಯ್ದೆ ಹಿಡಿದು ಬರುವುದಿಲ್ಲ, ಅದು ಬೇರೆ ಮಾತು. ವಿವರಣೆ ಬರೆದುಕೊಡಿ ಎಂದು ನನ್ನನ್ನು ಕೇಳಿದರು, ಒಪ್ಪಿಕೊಂಡೆ.

ಮಾತಿಲ್ಲದ ವಿಡಿಯೊ ಎಂದ ಕೂಡಲೇ ಕೆಲಸ ಸುಲಭ ಅನ್ನಿಸುತ್ತದೆ. ಸಿನಿಮಾಕ್ಕೆ ವಿವರಣೆ ಬರೆಯುವವರು ಸಂಭಾಷಣೆಗಳ ನಡುವಿನ ಸಂದಿಗಳಲ್ಲಿ ಮಾತು ತೂರಿಸಬೇಕು. ಇಲ್ಲಿ ಇಡೀ ಅಂಗಳವೇ ನಮ್ಮದು. ಆದರೆ ಇಲ್ಲಿ ಕಾಟ ಕೊಡುವುದು ಕೈಯ ವೇಗ. ಪಳಗಿದ ಕೈ ರೆಗ್ಯುಲೇಟರನ್ನು ವಾಲ್ವ್ ಮೇಲೆ ಕೂರಿಸಲು ತೆಗೆದುಕೊಳ್ಳುವುದು ಐದು ಸೆಕೆಂಡು. ಅದನ್ನೇ ಬಾಯಲ್ಲಿ ಸರಿಯಾಗಿ ಹೇಳಲು ಹದಿನೈದು ಸೆಕೆಂಡು ಬೇಕು. ಕೇಳಿ ಅರ್ಥ ಮಾಡಿಕೊಳ್ಳುವಷ್ಟು ನಿಧಾನಕ್ಕೆ ಓದಿದರೆ ಎಂಟು ಸೆಕೆಂಡಿಗೆ ಹೆಚ್ಚೆಂದರೆ ಹನ್ನೆರಡು ಕನ್ನಡ ಪದ ಹಿಡಿಸುತ್ತದೆ ಅನ್ನುವುದು ನಾನು ಓದಿ ನೋಡಿ ಕಂಡುಕೊಂಡ ಲೆಕ್ಕ. ನಮ್ಮ ಪದಗಳು ಉದ್ದ, ವಿಭಕ್ತಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಂಡು ಬರುತ್ತವೆ. ಇಂಗ್ಲಿಷಿನವರು ಇಟ್ಟುಕೊಂಡಿರುವ ನಿಮಿಷಕ್ಕಿಷ್ಟು ಪದ ಅನ್ನುವ ಅಳತೆ ಇಲ್ಲಿಗೆ ಹೊಂದುವುದಿಲ್ಲ.

ಹೀಗಿರುವಾಗ ಅರ್ಧ ಕೆಲಸವನ್ನು ಕೈ ಅಲ್ಲಾಡುವ ಮೊದಲೇ ಮುಗಿಸಿಡಬೇಕು. ವಿಡಿಯೊದ ಆರಂಭದಲ್ಲಿ ಕ್ಯಾಮೆರಾ ಸಿಲಿಂಡರಿನ ಮೇಲೆ ಮೆಲ್ಲಗೆ ಸರಿಯುವ ಹದಿನಾರು ಸೆಕೆಂಡಿನ ತುಣುಕಿತ್ತು. ನೋಡುವವರಿಗೆ ಅದು ಬರೀ ಅಲಂಕಾರ. ನನಗೆ ಅದೇ ಬಂಡವಾಳವಾಯಿತು. ಅಲ್ಲಿ ಹಾಕಿದ ಮಾತು ಇದು:

0:09 — ಸಿಲಿಂಡರಿನ ತಲೆಯ ಮೇಲೆ ಲೋಹದ ಹಿಡಿ ಬಳೆ. ನಡುವೆ ಹೆಬ್ಬೆರಳು ದಪ್ಪದ ವಾಲ್ವ್. ಪಕ್ಕದಲ್ಲಿ ಅಂಗೈಗೆ ಹಿಡಿಸುವ ರೆಗ್ಯುಲೇಟರ್: ಮೇಲೆ ನಾಬ್, ಬದಿಯಲ್ಲಿ ಪೈಪ್, ಬುಡದ ಸುತ್ತ ಮೇಲೆ-ಕೆಳಗೆ ಸರಿಯುವ ಕಪ್ಪು ಬುಷ್.

ಇಪ್ಪತ್ತನಾಲ್ಕು ಪದ. ಒಮ್ಮೆ ಬುಷ್ ಎಲ್ಲಿದೆ, ಹೇಗೆ ಸರಿಯುತ್ತದೆ ಎಂದು ಹೇಳಿಬಿಟ್ಟರೆ, ಮುಂದೆ ಅವಸರದ ಗಳಿಗೆಯಲ್ಲಿ ‘ಬುಷ್’ ಎಂಬ ಒಂದೇ ಪದ ಸಾಕು. ಹೆಸರಿಟ್ಟ ಮೇಲೆ ಅದೇ ಹೆಸರು ಕೊನೆಯವರೆಗೂ ಉಳಿಯಬೇಕು. ಒಂದು ಕಡೆ ಬುಷ್, ಇನ್ನೊಂದು ಕಡೆ ಕಾಲರ್, ಮತ್ತೊಂದು ಕಡೆ ಪ್ಲಾಸ್ಟಿಕ್ ಬಳೆ ಅಂದರೆ ಕೇಳುವವರು ಮೂರು ವಸ್ತು ಹುಡುಕುತ್ತಾರೆ. ಬರೆಯುವವರಿಗೆ ಪದ ಮರುಕಳಿಸುವುದೆಂದರೆ ಮುಜುಗರ. ಈ ಕೆಲಸದಲ್ಲಿ ಆ ಮುಜುಗರ ಬಿಡಬೇಕು. ಬಣ್ಣ ಯಾಕೆ ಬೇಕಿತ್ತು ಎಂದು ಒಬ್ಬರು ಕೇಳಿದರು. ನಡುವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಕಪ್ಪು ಬುಷ್ ನೆನಪಿನಲ್ಲಿ ಇರುತ್ತದೆ. ಸಿಲಿಂಡರ್ ತಂದ ಹುಡುಗನೂ ‘ಆ ಕಪ್ಪು ಬುಷ್ ಎತ್ತಿ ಅಮ್ಮ’ ಎಂದೇ ಹೇಳುತ್ತಾನೆ. ಅಡುಗೆಮನೆಯ ಟೈಲ್ಸಿನ ಬಣ್ಣ, ಸೀರೆಯ ಅಂಚು ಮಾತ್ರ ಪೂರ್ತಿ ಬಿಟ್ಟೆ.

ಇನ್ನು ರೆಗ್ಯುಲೇಟರ್ ಕೂರಿಸುವ ಆ ಐದು ಸೆಕೆಂಡು. ಬರಹವನ್ನು ಪರೀಕ್ಷಿಸಲು ಪಕ್ಕದ ಬೀದಿಯಲ್ಲಿರುವ, ಹುಟ್ಟಿನಿಂದ ದೃಷ್ಟಿಯಿಲ್ಲದ ಬ್ಯಾಂಕ್ ಉದ್ಯೋಗಿಯೊಬ್ಬರನ್ನು ಕೇಳಿಕೊಂಡಿದ್ದೆ. ಖಾಲಿ ಸಿಲಿಂಡರ್ ಮುಂದಿಟ್ಟುಕೊಂಡು, ಧ್ವನಿ ಕೇಳುತ್ತಾ ಕೈಯಲ್ಲಿ ಮಾಡಿ ನೋಡುವುದು ಒಪ್ಪಂದ. ಕರಡಿನಲ್ಲಿದ್ದ ವಾಕ್ಯ: ‘ಬುಷ್ ಎತ್ತಿ, ರೆಗ್ಯುಲೇಟರನ್ನು ವಾಲ್ವ್ ಮೇಲಿಟ್ಟು ಒತ್ತುತ್ತಾರೆ.’ ವ್ಯಾಕರಣಕ್ಕೆ ಸರಿ, ಚಿತ್ರಕ್ಕೂ ಸರಿ ಎಂದೇ ಯಾರಿಗಾದರೂ ಅನ್ನಿಸುತ್ತದೆ. ಅವರು ನಕ್ಕರು.

“ಮೇಡಂ, ನೀವು ಎತ್ತಿ ಅಂದ್ರಿ, ಎತ್ತಿದೆ. ಆಮೇಲೆ ಒತ್ತಿ ಅಂದ್ರಿ, ಬುಷ್ ಬಿಟ್ಟು ಒತ್ತಿದೆ. ಕೂರ್ತಾನೇ ಇಲ್ವಲ್ಲ!”

ಕೂರುವುದಿಲ್ಲ, ಕೂರಲೂಬಾರದು. ಬುಷ್ಷಿನ ಒಳಗೆ ಸಣ್ಣ ಉಕ್ಕಿನ ಗುಂಡುಗಳಿವೆ. ಬುಷ್ ಮೇಲಿದ್ದರೆ ಅವು ಹೊರಕ್ಕೆ ಸರಿದು ವಾಲ್ವಿಗೆ ದಾರಿ ಬಿಡುತ್ತವೆ, ಬುಷ್ ಕೆಳಗಿಳಿದರೆ ವಾಲ್ವಿನ ಕಚ್ಚಿಗೆ ಸಿಕ್ಕಿಕೊಂಡು ಬೀಗ ಹಾಕುತ್ತವೆ. ಆದ್ದರಿಂದ ಒತ್ತುವಷ್ಟು ಹೊತ್ತೂ ಬುಷ್ ಮೇಲೆಯೇ ಇರಬೇಕು. ಎರಡು ಕೆಲಸ ಒಂದರ ಹಿಂದೆ ಒಂದಲ್ಲ, ಒಟ್ಟೊಟ್ಟಿಗೆ ನಡೆಯುತ್ತವೆ. ‘ಎತ್ತಿ, ಇಟ್ಟು, ಒತ್ತಿ’ ಎಂದು ಪೋಣಿಸುವಾಗ ಕನ್ನಡ ಅವನ್ನು ಸಾಲಾಗಿ ನಿಲ್ಲಿಸಿಬಿಡುತ್ತದೆ. ಸಾಲದ್ದಕ್ಕೆ ‘ಎತ್ತಿ’ ಎಂಬುದು ಆಜ್ಞೆಯೂ ಹೌದು. ಕಣ್ಣಿದ್ದವರು ಈ ಕೊರತೆಯನ್ನು ತೆರೆ ನೋಡಿ ತುಂಬಿಕೊಳ್ಳುತ್ತಾರೆ. ಕೇಳುವವರಿಗೆ ವಾಕ್ಯವೇ ತೆರೆ. ತಿದ್ದಿದ ಸಾಲು ಹೀಗಾಯಿತು:

1:31 — ಬುಷ್ ಎತ್ತಿ ಹಿಡಿದುಕೊಂಡೇ, ರೆಗ್ಯುಲೇಟರನ್ನು ವಾಲ್ವ್ ಮೇಲಿಟ್ಟು, ತುಸು ತಿರುಗಿಸುತ್ತಾ ಒತ್ತುತ್ತಾರೆ. ಪೂರ್ತಿ ಕೂತ ಮೇಲೆ ಬುಷ್ ಬಿಟ್ಟು ಕೆಳಕ್ಕೆ ಒತ್ತುತ್ತಾರೆ.

‘ಹಿಡಿದುಕೊಂಡೇ’ ಅನ್ನುವುದರ ಕೊನೆಯ ‘ಏ’ಕಾರವನ್ನು ಓದುವವರು ಒತ್ತಿ ಹೇಳಬೇಕೆಂದು ಬರಹದಲ್ಲಿ ಅಡಿಗೆರೆ ಹಾಕಿಟ್ಟೆ. ಇಷ್ಟು ಮಾತು ಐದು ಸೆಕೆಂಡಿಗೆ ಹಿಡಿಸದಿರುವುದು ಸ್ಪಷ್ಟ. ಇಂಥ ಕಡೆ ಚಿತ್ರವನ್ನೇ ಕೆಲವು ಸೆಕೆಂಡು ನಿಲ್ಲಿಸಿ ಮಾತು ಮುಗಿಸುವ ಪದ್ಧತಿ ಇದೆ, ಅಂತರಜಾಲದ ಅಂತರರಾಷ್ಟ್ರೀಯ ಮಾನದಂಡವೂ ಇದನ್ನು ವಿಸ್ತೃತ ವಿವರಣೆ ಎಂದು ಗುರುತಿಸುತ್ತದೆ. ಸಂಕಲನ ಮಾಡುತ್ತಿದ್ದ ಹುಡುಗಿಗೆ ಚಿತ್ರ ನಿಲ್ಲಿಸುವುದು ಇಷ್ಟವಿರಲಿಲ್ಲ, ಲಯ ಕೆಡುತ್ತದೆ ಅಂದಳು. ಲಯ ಕೆಟ್ಟರೂ ರೆಗ್ಯುಲೇಟರ್ ಕೂರಲಿ ಅಂತ ಹಟ ಹಿಡಿದೆ. ವಿಡಿಯೊ ಪೂರ್ತಿಯಲ್ಲಿ ನಿಲ್ಲಿಸಿದ್ದು ಈ ಒಂದು ಕಡೆ ಮಾತ್ರ.

ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು ಇನ್ನೊಂದು ಸಂಗತಿ. ಕೈ ಚಲಿಸಿದ ಮೇಲೆ ವಾಕ್ಯ ಶುರು ಮಾಡಿದರೆ, ‘ಒತ್ತುತ್ತಾರೆ’ ಎನ್ನುವ ಹೊತ್ತಿಗೆ ತೆರೆಯ ಮೇಲಿನ ಕೈ ಸಾಬೂನು ನೀರಿನ ಬಟ್ಟಲಿಗೆ ಹೋಗಿರುತ್ತದೆ. ಪಕ್ಕದಲ್ಲಿ ಕಣ್ಣಿರುವವರು ಕೂತು ಒಟ್ಟಿಗೆ ನೋಡುವಾಗ ಇದು ಗೊಂದಲ. ಆದ್ದರಿಂದ ಸಮಯ ಬರೆದುಕೊಳ್ಳುವಾಗ ಮೊದಲು ಕ್ರಿಯಾಪದ ಬೀಳಬೇಕಾದ ಕ್ಷಣವನ್ನು ಗುರುತಿಸಿ, ಅಲ್ಲಿಂದ ಹಿಂದಕ್ಕೆ ಎಣಿಸಿ ವಾಕ್ಯ ಆರಂಭಿಸುವುದನ್ನು ರೂಢಿ ಮಾಡಿಕೊಂಡೆ.

ದಿಕ್ಕಿನ ವಿಚಾರದಲ್ಲಿ ಎಡ, ಬಲ ಎರಡನ್ನೂ ತೆಗೆದುಹಾಕಿದೆ. ವಿಡಿಯೊದ ಮಹಿಳೆ ಕ್ಯಾಮೆರಾಕ್ಕೆ ಎದುರಾಗಿ ಕೂತಿದ್ದಾರೆ, ಅವರ ಎಡ ನೋಡುವವರಿಗೆ ಬಲ. ದೃಷ್ಟಿಯಿಲ್ಲದವರಿಗೆ ಊಟದ ತಟ್ಟೆಯಲ್ಲಿ ಪಲ್ಯ ಎಲ್ಲಿದೆ ಎಂದು ಗಡಿಯಾರದ ಅಂಕಿ ಹೇಳಿ ತಿಳಿಸುವ ಕ್ರಮ ಚೆನ್ನಾಗಿದೆ, ಆದರೆ ಸಿಲಿಂಡರ್ ದುಂಡಗಿದ್ದು ಯಾವ ಕಡೆಗೆ ಬೇಕಾದರೂ ತಿರುಗಿ ನಿಂತಿರುತ್ತದೆ, ಅದಕ್ಕೆ ಹನ್ನೆರಡು ಗಂಟೆ ಎಲ್ಲಿ? ಮೇಲೆ, ಕೆಳಗೆ, ಪೈಪ್ ಇರುವ ಬದಿ: ಇಷ್ಟರಲ್ಲೇ ಮುಗಿಸಿದೆ.

ನನಗೆ ತಲೆನೋವು ತಂದದ್ದು ಕಣ್ಣಿಂದಲೇ ಮಾಡುವ ಪರೀಕ್ಷೆಗಳು. ಹೊಸ ಸಿಲಿಂಡರಿನ ದಾರ ಎಳೆದು ಕ್ಯಾಪ್ ತೆಗೆದ ಮೇಲೆ ಮಹಿಳೆ ವಾಲ್ವಿನೊಳಗೆ ಬಗ್ಗಿ ನೋಡಿ ತಲೆಯಾಡಿಸುತ್ತಾರೆ. ‘ಬಗ್ಗಿ ನೋಡಿ ತಲೆಯಾಡಿಸುತ್ತಾರೆ’ ಎಂದಷ್ಟೇ ಬರೆದರೆ ಕೇಳುವವರಿಗೆ ಸಿಕ್ಕಿದ್ದೇನು? ಅವರು ನೋಡುತ್ತಿರುವುದು ವಾಲ್ವಿನೊಳಗೆ ಕಪ್ಪು ರಬ್ಬರ್ ವಾಷರ್ ಇದೆಯೇ ಎಂದು. ಅದು ಇಲ್ಲದಿದ್ದರೆ ಅನಿಲ ಸೋರುತ್ತದೆ. ಮುಂದಿನ ತುಣುಕಿನಲ್ಲಿ ವಾಷರ್ ಹತ್ತಿರದಿಂದ ಕಾಣುತ್ತದೆ, ಹಾಗಾಗಿ ಅದನ್ನು ಹೇಳುವುದು ನ್ಯಾಯವೇ. ಕೊನೆಯಲ್ಲಿ ವಾಲ್ವಿನ ಸುತ್ತ ಸಾಬೂನು ನೀರು ಸವರುತ್ತಾರೆ, ಗುಳ್ಳೆ ಏಳುವುದಿಲ್ಲ. ‘ಗುಳ್ಳೆ ಏಳುವುದಿಲ್ಲ, ಅಂದರೆ ಸೋರಿಕೆ ಇಲ್ಲ’ ಎಂದು ಬರೆಯಬಹುದು. ಆದರೆ ಗುಳ್ಳೆ ಕಾಣದವರು ಈ ಪರೀಕ್ಷೆಯನ್ನು ಮಾಡುವುದು ಹೇಗೆ?

ತೆರೆಯ ಮೇಲೆ ಇಲ್ಲದ್ದನ್ನು ಸೇರಿಸಬಾರದು ಎಂಬುದು ವಿವರಣೆ ಬರೆಯುವವರ ಕಟ್ಟುಪಾಡು. ವಿವರಣೆಯೊಳಗೆ ಉಪದೇಶ ನುಗ್ಗಿದರೆ ಯಾವುದು ಚಿತ್ರದ್ದು, ಯಾವುದು ಬರೆದವರದ್ದು ಅನ್ನುವುದು ಕೇಳುವವರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ವಿಡಿಯೊ ಮಾಡಿದವರ ಒಪ್ಪಿಗೆ ಪಡೆದು, ಚಿತ್ರ ಶುರುವಾಗುವ ಮುನ್ನ ಬೇರೆಯೇ ದನಿಯಲ್ಲಿ ಒಂದು ಸೂಚನೆ ಇಟ್ಟೆವು: ಸಾಬೂನು ಗುಳ್ಳೆಯ ಪರೀಕ್ಷೆಗೆ ಕಣ್ಣಿರುವವರ ನೆರವು ಪಡೆಯಿರಿ, ಸುಯ್ ಎಂಬ ಸದ್ದು ಅಥವಾ ಗ್ಯಾಸಿನ ವಾಸನೆ ಬಂದರೆ ರೆಗ್ಯುಲೇಟರ್ ತೆಗೆದು ಕ್ಯಾಪ್ ಹಾಕಿ, ಸ್ವಿಚ್ ಮುಟ್ಟದೆ ಬಾಗಿಲು-ಕಿಟಕಿ ತೆರೆದು ಹೊರಬಂದು 1906ಕ್ಕೆ ಕರೆ ಮಾಡಿ. ಅಡುಗೆ ಅನಿಲಕ್ಕೆ ತನ್ನದೇ ವಾಸನೆ ಇಲ್ಲ, ಸೋರಿದರೆ ತಿಳಿಯಲೆಂದೇ ಮರ್‌ಕ್ಯಾಪ್ಟಾನ್ ಬೆರೆಸಿರುತ್ತಾರೆ. ಗಾಳಿಗಿಂತ ಭಾರವಾದ್ದರಿಂದ ಅನಿಲ ನೆಲಮಟ್ಟದಲ್ಲಿ ಸೇರಿಕೊಳ್ಳುತ್ತದೆ. ನಿಂತವರ ಮೂಗಿಗೆ ಅದು ತಡವಾಗಿ ತಲುಪಬಹುದು, ಮೂಗೊಂದನ್ನೇ ನಂಬಿ ಕೂರುವ ಹಾಗಿಲ್ಲ.

ಓದಿದ್ದು ನಮ್ಮ ಮನೆಯಲ್ಲೇ, ಬೆಳಗಿನ ಜಾವ. ಏಳು ಗಂಟೆ ದಾಟಿದರೆ ಸುಬ್ರಹ್ಮಣ್ಯಪುರ ಮುಖ್ಯರಸ್ತೆಯ ಹಾರ್ನು ಯಾವ ಬಾಗಿಲನ್ನೂ ಲೆಕ್ಕಿಸುವುದಿಲ್ಲ. ಧ್ವನಿ ಕೂಡಿಸುವಾಗಲೇ ಆ ಬ್ಯಾಂಕಿನವರು ಮತ್ತೊಂದು ಪ್ರಶ್ನೆ ಕೇಳಿದ್ದು: “ಟಕ್ ಅನ್ನೋ ಸದ್ದು ಎಲ್ಲಿ?” ಬುಷ್ ಕೆಳಗಿಳಿದು ಬೀಗ ಬಿದ್ದಾಗ ಟಕ್ ಎನ್ನುತ್ತದೆ. ಅವರಿಗೆ ರೆಗ್ಯುಲೇಟರ್ ಸರಿಯಾಗಿ ಕೂತಿದೆ ಎಂಬ ರುಜುವಾತೇ ಅದು. ಸಂಕಲನದಲ್ಲಿ ಮೂಲ ಸದ್ದನ್ನೆಲ್ಲ ಕಿತ್ತು ಕೊಳಲು ಹಾಕಿದ್ದರು. ಅದೃಷ್ಟಕ್ಕೆ ಮೂಲ ಚಿತ್ರೀಕರಣ ಒಬ್ಬರ ಫೋನಿನಲ್ಲಿ ಉಳಿದಿತ್ತು. ಟಕ್ ಸದ್ದನ್ನು ಅಲ್ಲಿಂದ ತಂದು ಅದರ ಜಾಗಕ್ಕೆ ಕೂರಿಸಿದೆವು, ಕ್ಯಾಪ್ ಬಿಚ್ಚಿಕೊಳ್ಳುವ ಸದ್ದೂ ಬಂತು. ಕೊಳಲನ್ನು ತೀರಾ ತಗ್ಗಿಸಿದೆವು. ಟಕ್ ಬರುವ ಹಿಂದೆ ಮುಂದೆ ನನ್ನ ಮಾತು ಇಲ್ಲದಂತೆ ನೋಡಿಕೊಂಡೆ. ತಿದ್ದಿದ ಪ್ರತಿ ಕೇಳುತ್ತಾ ಅವರು ರೆಗ್ಯುಲೇಟರ್ ಕೂರಿಸಿದರು, ಕೂತಿತು.

ಮಾತಿಲ್ಲದ ಪ್ರಾತ್ಯಕ್ಷಿಕೆ ವಿಡಿಯೊ ಮಾಡುವವರಲ್ಲಿ ಎರಡು ಕೋರಿಕೆ. ಕೈ ಆಡುವ ಮೊದಲು ವಸ್ತುವನ್ನು ಸುಮ್ಮನೆ ತೋರಿಸುವ ಹದಿನೈದು ಸೆಕೆಂಡು ಇಟ್ಟಿರಿ, ವಿವರಣೆ ಬರೆಯುವವರಿಗೆ ಅದು ಬೇಕು. ಸಂಗೀತ ಹಾಕುವಾಗ ಮೂಲ ಸದ್ದಿನ ಪ್ರತಿಯನ್ನು ಅಳಿಸಬೇಡಿ.