ಬಾಲ ನೋಡಿ ಲಿಂಗ ಹೇಳಬೇಡಿ: ಸ್ಪ್ಯಾನಿಷ್ ಕಲಿಯುವ ಮುಂಬೈ ಕನ್ನಡಿಗರಿಗೆ ಏಳು ಸೂತ್ರಗಳು

ಸ್ಪ್ಯಾನಿಷ್ ಕಲಿಸುವವರು ಮೊದಲ ದಿನವೇ ಒಂದು ಸುಲಭದ ನಿಯಮ ಹೇಳುತ್ತಾರೆ. ‘ಒ’ಕಾರದಲ್ಲಿ ಮುಗಿದರೆ ಪುಲ್ಲಿಂಗ, ‘ಆ’ಕಾರದಲ್ಲಿ ಮುಗಿದರೆ ಸ್ತ್ರೀಲಿಂಗ. ಪುಲ್ಲಿಂಗಕ್ಕೆ ಮುಂದೆ ‘ಎಲ್’, ಸ್ತ್ರೀಲಿಂಗಕ್ಕೆ ‘ಲಾ’. ಪುಸ್ತಕ ‘ಎಲ್ ಲೀಬ್ರೊ’, ಮನೆ ‘ಲಾ ಕಾಸಾ’. ನಿಯಮ ಸುಳ್ಳಲ್ಲ, ಬಹುಪಾಲು ಪದಗಳಿಗೆ ಸರಿಹೋಗುತ್ತದೆ. ತೊಂದರೆಯೆಂದರೆ ಅದನ್ನು ಮುರಿಯುವ ಪದಗಳು ದಿನಬೆಳಗಾದರೆ ಬಾಯಿಗೆ ಬರುವಂಥವು: ನೀರು, ಕೈ, ದಿನ, ಸಮಸ್ಯೆ. ಮುಂಬೈಯಲ್ಲಿ ಬೆಳೆದ ಕನ್ನಡಿಗರು ಇವನ್ನು ಹಿಡಿಯುವ ದಾರಿ ಊರಿನವರ ದಾರಿಗಿಂತ ತುಸು ಬೇರೆ, ನನ್ನ ಪ್ರಕಾರ ಹತ್ತಿರದ್ದೂ ಹೌದು.

1. ಕನ್ನಡದ ಕಿವಿ ಮುಚ್ಚಿ, ಮರಾಠಿ ಕಿವಿ ತೆರೆಯಿರಿ

ಕನ್ನಡದಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ. ಗಂಡಸಾದರೆ ಬಂದನು, ಹೆಂಗಸಾದರೆ ಬಂದಳು, ಕಲ್ಲು ಮಣ್ಣಾದರೆ ಬಂತು. ವಿಶೇಷಣವಂತೂ ಅಲ್ಲಾಡುವುದೇ ಇಲ್ಲ: ದೊಡ್ಡ ಹುಡುಗ, ದೊಡ್ಡ ಹುಡುಗಿ, ದೊಡ್ಡ ಮನೆ. ಹಾಗಾಗಿ ಮೇಜಿಗೂ ಲಿಂಗವಿದೆ, ಅದಕ್ಕೆ ತಕ್ಕಂತೆ ‘ದೊಡ್ಡ’ ಎಂಬ ಪದವೂ ಬದಲಾಗಬೇಕು ಎಂದರೆ ನಮಗೆ ವಿಚಿತ್ರ ಅನಿಸುತ್ತದೆ.

ಆದರೆ ಮುಂಬೈಯವರು ಇದನ್ನು ದಿನಾ ಮಾಡುತ್ತಲೇ ಇದ್ದೀರಿ. ತರಕಾರಿಯವಳ ಹತ್ತಿರ, ಶಾಲೆಯಲ್ಲಿ, ಬಸ್ಸಿನಲ್ಲಿ ಮೋಠಾ ರಸ್ತಾ, ಮೋಠೀ ಗಾಡೀ, ಮೋಠಂ ಘರ್ ಎನ್ನುವಾಗ ಯಾರೂ ನಿಯಮ ನೆನೆಯುವುದಿಲ್ಲ. ಸ್ಪ್ಯಾನಿಷ್ ಕೇಳುವುದೂ ಇಷ್ಟನ್ನೇ, ಅದೂ ಮೂರರ ಬದಲು ಎರಡೇ ಲಿಂಗಗಳಲ್ಲಿ. ಲೀಬ್ರೊ ರೋಹೊ, ಕಾಸಾ ರೋಹಾ, ಎರಡೂ ಕೆಂಪೇ. ಒಂದು ಎಚ್ಚರಿಕೆ: ಇದಕ್ಕೆ ಸ್ಟೇಷನ್ನಿನ ಬಂಬೈಯಾ ಹಿಂದಿಯ ಸಹಾಯ ಪಡೆಯಬೇಡಿ. ಅದು ಲಿಂಗದ ವಿಷಯದಲ್ಲಿ ಬಹಳ ಉದಾರಿ.

2. ಅಭ್ಯಾಸವನ್ನು ತನ್ನಿ, ಲಿಂಗವನ್ನು ತರಬೇಡಿ

ಮರಾಠಿಯಲ್ಲೂ ಹಿಂದಿಯಲ್ಲೂ ‘ಹಾತ್’ ಪುಲ್ಲಿಂಗ. ಸ್ಪ್ಯಾನಿಷಿನ ಕೈ, ಅಂದರೆ ‘ಮಾನೊ’, ‘ಒ’ಕಾರದಲ್ಲಿ ಮುಗಿದರೂ ಸ್ತ್ರೀಲಿಂಗ: ಲಾ ಮಾನೊ. ‘ಸಮಸ್ಯಾ’ ಎರಡೂ ಭಾಷೆಗಳಲ್ಲಿ ಸ್ತ್ರೀಲಿಂಗ, ‘ಪ್ರೊಬ್ಲೇಮಾ’ ಪುಲ್ಲಿಂಗ. ‘ಲಾ ಪ್ರೊಬ್ಲೇಮಾ’ ಎಂಬ ತಪ್ಪಿನ ಒಂದು ಬೇರು ಈ ಸಮಸ್ಯಾದಲ್ಲೇ ಇದೆ ಎಂಬುದು ನನ್ನ ಅನುಮಾನ. ಕೊನೆಯ ‘ಆ’ಕಾರ ಅದಕ್ಕೆ ನೀರೆರೆಯುತ್ತದೆ ಅಷ್ಟೆ. ಮದ್ದೂ ಮರಾಠಿಯಲ್ಲೇ ಇದೆ. ಮುಂಬೈಯಲ್ಲಿ ಸಮಸ್ಯಾ ಎನ್ನುವವರು ಕಡಿಮೆ, ಎಲ್ಲರೂ ‘ಮೋಠಾ ಪ್ರಾಬ್ಲೆಮ್’ ಎನ್ನುವವರೇ. ಆ ‘ಮೋಠಾ’ ನೆನಪಿದ್ದರೆ ‘ಎಲ್’ ತಾನಾಗಿ ಬರುತ್ತದೆ.

3. ಪದವನ್ನು ಒಂಟಿಯಾಗಿ ಕಲಿಯಬೇಡಿ

‘ಮಾನೊ ಎಂದರೆ ಕೈ’ ಎಂದು ಬರೆದುಕೊಂಡರೆ ಅರ್ಧ ಮಾತ್ರ ಕಲಿತಂತೆ. ‘ಲಾ ಮಾನೊ ದೆರೇಚಾ’, ಬಲಗೈ ಎಂದು ಬರೆದುಕೊಳ್ಳಿ. ‘ಎಲ್ ದೀಆ ಬೊನೀತೊ’, ಚೆಂದದ ದಿನ. ದೀಆ ‘ಆ’ಕಾರದಲ್ಲಿ ಮುಗಿದರೂ ಪುಲ್ಲಿಂಗ ಎಂಬುದನ್ನು ‘ಬೊನೀತೊ’ ಹೇಳಿಬಿಡುತ್ತದೆ. ವಿಶೇಷಣ ‘ಒ’ ಮತ್ತು ‘ಆ’ ನಡುವೆ ಬದಲಾಗುವಂಥದ್ದೇ ಇರಲಿ. ‘ಗ್ರಾಂದೆ’, ‘ವೇರ್ದೆ’, ‘ಅಸೂಲ್’ ಮುಂತಾದವು ಎರಡು ಲಿಂಗಕ್ಕೂ ಒಂದೇ ರೂಪದಲ್ಲಿರುವುದರಿಂದ ಅವು ಸಾಕ್ಷಿ ಹೇಳುವುದಿಲ್ಲ.

ಮಾನೊ ಹೀಗೇಕೆ? ಲ್ಯಾಟಿನ್ನಿನ ‘ಮಾನುಸ್’ ಸ್ತ್ರೀಲಿಂಗವಾಗಿತ್ತು. ಕಾಲಕ್ರಮದಲ್ಲಿ ಬಾಲ ‘ಒ’ ಆಯಿತು, ಲಿಂಗ ಹಾಗೇ ಉಳಿಯಿತು. ‘ಲಾ ಫೋತೊ’, ‘ಲಾ ಮೋತೊ’ಗಳ ಕಥೆ ಬೇರೆ. ಅವು ಫೋತೊಗ್ರಫೀಆ, ಮೋತೊಸಿಕ್ಲೇತಾ ಎಂಬ ಸ್ತ್ರೀಲಿಂಗ ಪದಗಳ ಮೊಟಕು ರೂಪ. ಮೊಟಕಾದರೂ ಲಿಂಗ ಬಿಟ್ಟುಕೊಟ್ಟಿಲ್ಲ.

4. ‘ಮಾ’ ಕುಟುಂಬದ ಗುರುತು ಹಿಡಿಯಿರಿ

ಪ್ರೊಬ್ಲೇಮಾ ಒಂಟಿಯಲ್ಲ. ಸಿಸ್ತೇಮಾ, ಪ್ರೊಗ್ರಾಮಾ, ತೇಮಾ, ಕ್ಲೀಮಾ, ಇದಿಯೋಮಾ ಎಲ್ಲವೂ ಪುಲ್ಲಿಂಗ. ಇವು ಗ್ರೀಕಿನಿಂದ ಬಂದವು, ಅಲ್ಲಿ ನಪುಂಸಕವಾಗಿದ್ದವು. ಸ್ಪ್ಯಾನಿಷಿನಲ್ಲಿ ನಾಮಪದಗಳಿಗೆ ಆ ಮೂರನೆಯ ಮನೆ ಇಲ್ಲದ ಕಾರಣ ಪುಲ್ಲಿಂಗದಲ್ಲಿ ಸೇರಿಕೊಂಡವು.

ಇಷ್ಟು ಗೊತ್ತಾದ ಮೇಲೆ ಕಂಡ ‘ಮಾ’ಗೆಲ್ಲ ‘ಎಲ್’ ಹಚ್ಚುವುದು ಎರಡನೇ ಗುಂಡಿ. ಹಾಸಿಗೆ ‘ಲಾ ಕಾಮಾ’, ಸಹಿ ‘ಲಾ ಫೀರ್ಮಾ’, ಆಕಾರ ‘ಲಾ ಫೋರ್ಮಾ’. ಒರಟಾದರೂ ಕೆಲಸಕ್ಕೆ ಬರುವ ಒಂದು ಪರೀಕ್ಷೆ ಇದೆ: ಪ್ರಾಬ್ಲೆಮ್, ಸಿಸ್ಟಮ್, ಪ್ರೋಗ್ರಾಮ್, ಥೀಮ್ ಎಂದು ನಮ್ಮ ಆಫೀಸಿನ ಮಾತಿನಲ್ಲೂ ಗುರುತು ಸಿಗುವ ‘ಮಾ’ ಪದ ಬಹುಪಾಲು ಪುಲ್ಲಿಂಗ. ಮನೆಮಟ್ಟಿನ ಹಳೆಯ ಪದ ಬಹುಪಾಲು ಸ್ತ್ರೀಲಿಂಗ. ಫಾರ್ಮ್ ಎಂದು ಗುರುತು ಸಿಕ್ಕಿಯೂ ‘ಫೋರ್ಮಾ’ ಸ್ತ್ರೀಲಿಂಗವೇ. ಆದ್ದರಿಂದ ಈ ಪರೀಕ್ಷೆಯನ್ನು ಊಹೆಗೆ ಬಳಸಿ, ಪ್ರಮಾಣಕ್ಕಲ್ಲ.

5. ನೀರಿನ ‘ಎಲ್’ ಅನ್ನು ನಂಬಬೇಡಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ನೀರು ‘ಎಲ್ ಆಗ್ವಾ’. ‘ಎಲ್’ ಇದೆಯಲ್ಲ, ಪುಲ್ಲಿಂಗವೇ ಇರಬೇಕು ಎಂದು ತಣ್ಣೀರಿಗೆ ‘ಎಲ್ ಆಗ್ವಾ ಫ್ರೀಒ’ ಎಂದರೆ ತಪ್ಪು. ಸರಿಯಾದದ್ದು ‘ಎಲ್ ಆಗ್ವಾ ಫ್ರೀಆ’. ಆಗ್ವಾ ಅಪ್ಪಟ ಸ್ತ್ರೀಲಿಂಗ. ಮುಂದಿನ ‘ಎಲ್’ ಮಾತ್ರ ಉಚ್ಚಾರಕ್ಕಾಗಿ ಬಂದದ್ದು.

ನಿಯಮ ಇಷ್ಟೇ. ಸ್ತ್ರೀಲಿಂಗ ನಾಮಪದದ ಮೊದಲ ಅಕ್ಷರವೇ ‘ಆ’ ಆಗಿದ್ದು, ಒತ್ತೂ ಅದರ ಮೇಲೇ ಬಿದ್ದರೆ, ಏಕವಚನದಲ್ಲಿ ‘ಲಾ’ ಬದಲು ‘ಎಲ್’ ಬರುತ್ತದೆ. ಹದ್ದು ‘ಎಲ್ ಆಗಿಲಾ’, ಹಸಿವು ‘ಎಲ್ ಆಂಬ್ರೆ’, ತರಗತಿಯ ಕೋಣೆ ‘ಎಲ್ ಆವ್ಲಾ’. ಒತ್ತು ಮುಂದಕ್ಕೆ ಹೋದರೆ ಈ ಸವಲತ್ತಿಲ್ಲ: ಗೆಳತಿ ‘ಲಾ ಅಮೀಗಾ’, ಮರಳು ‘ಲಾ ಅರೇನಾ’. ಜುಹೂ ಕಡಲದಂಡೆಯಲ್ಲಿ ನಿಂತರೆ ಎರಡೂ ಕಣ್ಣೆದುರಿಗೇ ಇವೆ, ಎಲ್ ಆಗ್ವಾ ಮತ್ತು ಲಾ ಅರೇನಾ.

ವ್ಯಾಕರಣದ ಇತಿಹಾಸ ಇನ್ನೂ ಸ್ವಾರಸ್ಯದ್ದು. ಲ್ಯಾಟಿನ್ನಿನ ‘ಇಲ್ಲಾ’ ಎಂಬ ಸ್ತ್ರೀಲಿಂಗ ರೂಪ ಹಳೆಯ ಸ್ಪ್ಯಾನಿಷಿನಲ್ಲಿ ‘ಎಲಾ’ ಆಯಿತು. ಅದೇ ಸಾಮಾನ್ಯವಾಗಿ ತಲೆ ಕಳೆದುಕೊಂಡು ‘ಲಾ’ ಆಯಿತು. ಸ್ವರದ ಮುಂದೆ ಬಾಲ ಕಳೆದುಕೊಂಡು ‘ಎಲ್’ ಆಯಿತು. ಅಂದರೆ ನೀರಿನ ಮುಂದಿರುವ ‘ಎಲ್’ ಹುಟ್ಟಿನಿಂದ ಹೆಣ್ಣೇ, ಗಂಡಿನ ‘ಎಲ್’ ಜೊತೆ ರೂಪ ಹೋಲುತ್ತದೆ ಅಷ್ಟೆ. ಪಕ್ಕದ ಪೋರ್ಚುಗೀಸಿಗೆ ಈ ರಗಳೆಯೇ ಇಲ್ಲ, ಅಲ್ಲಿ ನೀರು ನೇರವಾಗಿ ಸ್ತ್ರೀಲಿಂಗದ ‘ಆ ಆಗ್ವಾ’.

ಈ ‘ಎಲ್’ ನಾಮಪದಕ್ಕೆ ಅಂಟಿಕೊಂಡಿದ್ದರೆ ಮಾತ್ರ ಉಳಿಯುತ್ತದೆ. ನಡುವೆ ಇನ್ನೊಂದು ಪದ ಬಂದರೆ ‘ಲಾ’ ವಾಪಸು: ಅದೇ ನೀರು ಎನ್ನಲು ‘ಲಾ ಮೀಸ್ಮಾ ಆಗ್ವಾ’. ಬಹುವಚನದಲ್ಲೂ ‘ಲಾಸ್ ಆಗ್ವಾಸ್’. ‘ಈ ನೀರು’ ಎಂದರೆ ‘ಎಸ್ತಾ ಆಗ್ವಾ’, ‘ತುಂಬ ನೀರು’ ಎಂದರೆ ‘ಮೂಚಾ ಆಗ್ವಾ’. ಸ್ಪೇನಿನವರೇ ಮಾತಿನ ಭರದಲ್ಲಿ ‘ಎಸ್ತೆ ಆಗ್ವಾ’ ಎನ್ನುವುದನ್ನು ಕೇಳಬಹುದು. ಅಲ್ಲಿನ ರಾಯಲ್ ಅಕಾಡೆಮಿ ಅದನ್ನು ಒಪ್ಪುವುದಿಲ್ಲ, ಪರೀಕ್ಷೆಯಲ್ಲಿ ನೀವೂ ಬರೆಯಬೇಡಿ. ‘ಎಲ್’ ಜೊತೆಗೆ ‘ಊನ್’ ಕೂಡ ಹೀಗೆ ಸಲೀಸಾಗಿ ಬರುತ್ತದೆ: ಊನ್ ಆಗಿಲಾ ನೇಗ್ರಾ, ಒಂದು ಕರಿ ಹದ್ದು.

ಸಂಶಯ ಬಂದಾಗ ಪದವನ್ನು ಬಹುವಚನಕ್ಕೆ ತಿರುಗಿಸಿ ನೋಡಿ. ‘ಲಾಸ್’ ಬಂದರೆ ಹೆಣ್ಣು, ‘ಲೋಸ್’ ಬಂದರೆ ಗಂಡು. ಲಾಸ್ ಆಗ್ವಾಸ್, ಲೋಸ್ ಪ್ರೊಬ್ಲೇಮಾಸ್, ಲಾಸ್ ಮಾನೋಸ್. ಬಹುವಚನದಲ್ಲಿ ವೇಷ ಹಾಕಲು ಜಾಗವಿಲ್ಲ.

6. ಸೊಸೈಟಿಯ ನೋಟೀಸನ್ನು ಸ್ಪ್ಯಾನಿಷಿನಲ್ಲಿ ಬರೆಯಿರಿ

ಹೌಸಿಂಗ್ ಸೊಸೈಟಿಯ ಬೋರ್ಡಿನಲ್ಲಿ ಮಳೆಗಾಲಕ್ಕೊಮ್ಮೆ ಕಾಣುವ ಮಾತನ್ನೇ ತೆಗೆದುಕೊಳ್ಳೋಣ: ‘ಸಮಸ್ಯೆ ಏನೆಂದರೆ ನೀರು ಕೊಳಕಾಗಿದೆ.’ ಹೊಸಬರು ಬರೆಯುವುದು ಹೀಗೆ: ‘ಲಾ ಪ್ರೊಬ್ಲೇಮಾ ಎಸ್ ಕೆ ಲಾ ಆಗ್ವಾ ಎಸ್ತಾ ಸೂಸಿಯಾ.’ ಬಾಲ ನೋಡಿ ಬರೆದದ್ದು, ಎರಡು ತಪ್ಪು. ತಿದ್ದಿದ ಮೇಲೆ ಎರಡನೇ ಸಲ ಬರೆಯುವುದು: ‘ಎಲ್ ಪ್ರೊಬ್ಲೇಮಾ ಎಸ್ ಕೆ ಎಲ್ ಆಗ್ವಾ ಎಸ್ತಾ ಸೂಸಿಯೊ.’ ಈಗ ಎರಡೂ ‘ಎಲ್’ ಸರಿ, ಆದರೆ ‘ಎಲ್’ ನೋಡಿ ಕೊಳಕನ್ನು ಗಂಡು ಮಾಡಿಬಿಟ್ಟರು. ಸರಿಯಾದ ವಾಕ್ಯ: ‘ಎಲ್ ಪ್ರೊಬ್ಲೇಮಾ ಎಸ್ ಕೆ ಎಲ್ ಆಗ್ವಾ ಎಸ್ತಾ ಸೂಸಿಯಾ.’ ಎರಡು ‘ಎಲ್’ ಒಂದೇ ವಾಕ್ಯದಲ್ಲಿವೆ, ಮೊದಲನೆಯದು ನಿಜವಾದ ಗಂಡು, ಎರಡನೆಯದು ಅಲ್ಲ. ‘ಸಮಸ್ಯೆ ಹಳೆಯದು’ ಎಂದು ಸೇರಿಸಬೇಕಾದರೆ ‘ಎಲ್ ಪ್ರೊಬ್ಲೇಮಾ ಎಸ್ ವಿಯೇಹೊ’. ಆ ನೀರಿನಲ್ಲಿ ಕೈ ತೊಳೆದವರು ‘ತೇಂಗೊ ಲಾಸ್ ಮಾನೋಸ್ ಸೂಸಿಯಾಸ್’, ನನ್ನ ಕೈ ಕೊಳಕಾಗಿದೆ ಎನ್ನಬೇಕು.

ಕಿವಿ ಪಳಗಿದೆಯೇ ಎಂದು ನೋಡಲು ನಗರದ ಹೆಸರಿನ ಹಳೆಯ ಕಥೆಯೊಂದಿದೆ. ಪೋರ್ಚುಗೀಸರು ಒಳ್ಳೆಯ ಕೊಲ್ಲಿಯನ್ನು ಕಂಡು ‘ಬೋಮ್ ಬಹೀಆ’ ಎಂದರು, ಅದೇ ಬಾಂಬೆ ಆಯಿತು ಎಂದು ಹೇಳುವವರಿದ್ದಾರೆ. ಬಹೀಆ ಪೋರ್ಚುಗೀಸಿನಲ್ಲಿ ಸ್ತ್ರೀಲಿಂಗ, ‘ಬೋಮ್’ ಪುಲ್ಲಿಂಗದ ರೂಪ. ಆ ಭಾಷೆಯವರು ‘ಬೋಆ ಬಹೀಆ’ ಎನ್ನಬೇಕಿತ್ತು, ಸ್ಪ್ಯಾನಿಷಿನವರಾದರೆ ‘ಬುವೇನಾ ಬಹೀಆ’. ಹೊಂದಾಣಿಕೆಯ ಈ ಒಂದು ನಿಯಮವೇ ಆ ಕಥೆಯ ಬುಡ ಅಲುಗಾಡಿಸುತ್ತದೆ. ಹೆಸರು ಮುಂಬಾದೇವಿಯಿಂದ ಬಂತೆಂಬುದೇ ಹೆಚ್ಚು ಜನ ಒಪ್ಪುವ ಮಾತು.

7. ರೂಪಾಯಿ ಹೆಣ್ಣು, ಎಣಿಸುವಾಗ ಮರೆಯಬೇಡಿ

ಮುಂಬೈಯಲ್ಲಿ ಲೆಕ್ಕವಿಲ್ಲದ ಮಾತುಂಟೆ? ‘ಲಾ ರೂಪಿಯಾ’ ಸ್ತ್ರೀಲಿಂಗ, ಮೆಕ್ಸಿಕೊದ ‘ಎಲ್ ಪೇಸೊ’ ಪುಲ್ಲಿಂಗ. ನೂರು ಮತ್ತು ಸಾವಿರ ಯಾವುದಕ್ಕೂ ಬಗ್ಗುವುದಿಲ್ಲ. 200ರಿಂದ 900ರವರೆಗಿನ ನೂರುಗಳು ಬಗ್ಗುತ್ತವೆ. 200 ಪೇಸೊ ‘ದೊಸ್ಸಿಯೆಂತೋಸ್ ಪೇಸೋಸ್’, 200 ರೂಪಾಯಿ ‘ದೊಸ್ಸಿಯೆಂತಾಸ್ ರೂಪಿಯಾಸ್’. ನಡುವೆ ಸಾವಿರ ಬಂದರೂ ಹೊಂದಾಣಿಕೆ ಬಿಡುವುದಿಲ್ಲ: ಎರಡು ಲಕ್ಷ ರೂಪಾಯಿ ‘ದೊಸ್ಸಿಯೆಂತಾಸ್ ಮಿಲ್ ರೂಪಿಯಾಸ್’. ಇಪ್ಪತ್ತು ಕೋಟಿಗೆ ಹೋದರೆ ಮಾತ್ರ ಆಟ ಬದಲಾಗುತ್ತದೆ. ಅಲ್ಲಿ ‘ಮಿಯೋನ್’ ಎಂಬ ಪುಲ್ಲಿಂಗ ನಾಮಪದ ನಡುವೆ ಬರುವುದರಿಂದ ನೂರುಗಳು ಅದರ ಮಾತು ಕೇಳುತ್ತವೆ: ‘ದೊಸ್ಸಿಯೆಂತೋಸ್ ಮಿಯೋನೆಸ್ ದೆ ರೂಪಿಯಾಸ್’.