ಪಾಸ್ ಕೊಳ್ಳುವ ಮುನ್ನ ದಿನಗಳನ್ನು ಎಣಿಸಿ

ಬೆಂಗಳೂರಿನ ಸಾಮಾನ್ಯ ಬಸ್ಸಿನ ತಿಂಗಳ ಪಾಸ್ 2025ರ ಜನವರಿಯ ಪರಿಷ್ಕರಣೆಯಲ್ಲಿ 1,200 ರೂಪಾಯಿ ಆಯಿತು. ನಿಮ್ಮ ಬಸ್ ಟಿಕೆಟ್ 24 ರೂಪಾಯಿ ಎಂದುಕೊಳ್ಳಿ. ಹೋಗಿಬರಲು ದಿನಕ್ಕೆ 48 ರೂಪಾಯಿ; 25 ದಿನ ಓಡಾಡಿದರೆ ಪಾಸಿನ ದುಡ್ಡು ಹುಟ್ಟುತ್ತದೆ. ವಾರಕ್ಕೆರಡು ದಿನ ಮನೆಯಿಂದಲೇ ಕೆಲಸ ಮಾಡುವವರಿಗೆ ಟಿಕೆಟ್ಟೇ ಅಗ್ಗ. ಶಕ್ತಿ ಯೋಜನೆಯಿರುವುದರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಈ ಪಾಸೇ ಬೇಕಿಲ್ಲ.

ಮೆಟ್ರೊ ಕಾರ್ಡ್ ಪಾಸಲ್ಲ, ಪ್ರತಿ ಪ್ರಯಾಣಕ್ಕೂ ಹಣ ಕಳೆಯುತ್ತದೆ. ಸಿಗುವುದು ಶೇ 5ರ ರಿಯಾಯಿತಿ, ದಟ್ಟಣೆಯಿಲ್ಲದ ಹೊತ್ತಿನಲ್ಲಿ ಇನ್ನಷ್ಟು. 50 ರೂಪಾಯಿ ದರದಲ್ಲಿ 25 ದಿನ ಹೋಗಿಬಂದರೆ 2,375 ರೂಪಾಯಿ. ಮನೆ ಮತ್ತು ನಿಲ್ದಾಣದ ನಡುವೆ ಹೋಗಿಬರಲು ಶೇರ್ ಆಟೊಗೆ ಪ್ರತಿಸಲ 20 ಕೊಟ್ಟರೆ ಇನ್ನೊಂದು ಸಾವಿರ. ಜನ ಲೆಕ್ಕ ಬಿಡುವುದು ಇದನ್ನೇ. ಆ ಕೊನೆಯ ತುಣುಕಿಗೆ ಬಸ್ ಇದೆಯೇ, ಮೊದಲು ನೋಡಿ.