ಸಾರು ಖಾರವಲ್ಲ, ಬಾಯಿ ನೋಡಿಕೊಳ್ಳಿ

ಮನೆಯವರಿಗೆಲ್ಲ ಹಿತವಾಗಿರುವ ಸಾರು ನಿಮಗೊಬ್ಬರಿಗೇ ಬಾಯಿ, ಗಂಟಲು ಉರಿಸುತ್ತಿದೆಯೇ? ಗುಟ್ಕಾ ಅಥವಾ ಎಲೆಅಡಿಕೆ ಹಾಕುವ ಅಭ್ಯಾಸವಿದ್ದರೆ ‘ಉಷ್ಣ ಆಗಿದೆ’ ಎಂದು ಎಳನೀರು ಕುಡಿದು ಸುಮ್ಮನಾಗಬೇಡಿ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಪೊರೆಯ ಅಡಿಯಲ್ಲಿ ನಾರಿನಂಥ ಅಂಗಾಂಶ ಬೆಳೆಯುವಂತೆ ಮಾಡುತ್ತದೆ. ಮೊದಲು ಉರಿ, ಆಮೇಲೆ ಒಳಗೆನ್ನೆ ಬಿಳಿಚಿಕೊಂಡು ಬಿಗಿಯುತ್ತದೆ, ಕೊನೆಗೆ ಬಾಯಿ ಪೂರ್ತಿ ತೆರೆಯುವುದೇ ಇಲ್ಲ. ಹೀಗೆ ಬಿಗಿದ ಬಾಯಿ ಮೊದಲಿನಂತಾಗುವುದು ಕಷ್ಟ.

ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಒಂದರ ಮೇಲೊಂದು ಬರುವಂತೆ ಮುಂದಿನ ಹಲ್ಲುಗಳ ನಡುವೆ ಇಡಿ. ಎರಡೇ ಬೆರಳು ಹಿಡಿಸಿದರೆ ದಂತವೈದ್ಯರನ್ನು ಕಾಣಿ.

ಬಳಿಕ ಕನ್ನಡಿಯ ಮುಂದೆ ನಿಂತು, ಟಾರ್ಚ್ ಹಿಡಿದು, ಗುಟ್ಕಾ ಒತ್ತರಿಸಿಡುವ ಜಾಗ, ನಾಲಿಗೆಯ ಅಂಚು ಮತ್ತು ಅಡಿಭಾಗ ನೋಡಿ. ಬಿಳಿ ಮಚ್ಚೆ ಕಂಡರೆ ಶುಭ್ರ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಒರೆಸಿದರೂ ಹೋಗದ ಮಚ್ಚೆ ಕ್ಯಾನ್ಸರ್‌ಪೂರ್ವ ಸ್ಥಿತಿಯಾಗಿರಬಹುದು. ನೋವಿರುವುದಿಲ್ಲ, ಮೋಸವಿರುವುದೇ ಅಲ್ಲಿ. ಬಿಳಿಯ ನಡುವೆ ಕೆಂಪು ಕಂಡರೆ, ಗಟ್ಟಿ ಗಂಟು ತಗುಲಿದರೆ ಇನ್ನೂ ಬೇಗ ಹೋಗಿ. ಎಲ್ಲ ಮಚ್ಚೆಯೂ ಕ್ಯಾನ್ಸರ್ ಆಗುವುದಿಲ್ಲ ನಿಜ, ಆದರೆ ಯಾವುದು ಆದೀತೆಂದು ಕಣ್ಣಳತೆಯಲ್ಲಿ ಹೇಳಲಾಗದು. ಅದಕ್ಕೇ ವೈದ್ಯರು ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಚೂರು ಅಂಗಾಂಶ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ.

‘ನಾನು ಹೊಗೆಸೊಪ್ಪು ಮುಟ್ಟಲ್ಲ, ಬರೀ ಎಲೆಅಡಿಕೆ’ ಎನ್ನುವ ಹಿರಿಯರಿಗೂ ಒಂದು ಮಾತು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಪಟ್ಟಿಮಾಡಿದೆ. ಮಚ್ಚೆಯೋ ಹುಣ್ಣೋ ಎರಡು ವಾರ ದಾಟಿದರೆ ಹತ್ತಿರದ ದಂತ ಕಾಲೇಜಿಗೆ ಹೋಗಿ ತೋರಿಸಿ, ಜಗಿಯುವುದನ್ನು ಇವತ್ತೇ ಬಿಡಿ.